ಕಚ್ಚಿಕೊಂಡ ಫ್ಯೂಸನ್ನು ಬಿಡಿಸುವಾಗ

ತೋಟದ ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಒತ್ತುತ್ತೀರಿ. ಆಂಪಿಯರ್ ಮುಳ್ಳು ಸರ್ರನೆ ಮೇಲೇರಿ ಅಲ್ಲೇ ನಿಲ್ಲುತ್ತದೆ, ಕೆಲವು ಸೆಕೆಂಡಿಗೆ ರಿಲೇ ಟ್ರಿಪ್ ಆಗುತ್ತದೆ, ನೀರು ಬರುವುದಿಲ್ಲ. ಲೈನಿನಲ್ಲಿ ಮೂರೂ ಫೇಸ್ ಇದ್ದು ಹೀಗಾದರೆ, ಮೇನ್ ಸ್ವಿಚ್ಚಿನೊಳಗಿನ ಮೂರು ಫ್ಯೂಸುಗಳಲ್ಲಿ ಒಂದು ಹೋಗಿರುವ ಸಾಧ್ಯತೆ ಹೆಚ್ಚು. ಮತ್ತೆ ಮತ್ತೆ ಸ್ಟಾರ್ಟರ್ ಒತ್ತಿದರೆ ಮೋಟಾರಿನ ಕಾಯಿಲೂ ಸುಡುತ್ತದೆ.

ಹಳೆಯ ಬೋರ್ಡುಗಳಲ್ಲಿರುವ ಕಿಟ್‌ಕ್ಯಾಟ್ ಫ್ಯೂಸಿಗೆ ಹಿಡಿಯಲು ಪಿಂಗಾಣಿಯ ಹಿಡಿ ಇರುತ್ತದೆ. ನಾನಿಲ್ಲಿ ಹೇಳುತ್ತಿರುವುದು ಎಚ್‌ಆರ್‌ಸಿ ಫ್ಯೂಸಿನ ಮಾತು. ಬಿಳಿ ಪಿಂಗಾಣಿಯ ಗಟ್ಟಿ, ಮೇಲಕ್ಕೂ ಕೆಳಕ್ಕೂ ಚಾಚಿದ ಎರಡು ಚಪ್ಪಟೆ ಲೋಹದ ಅಲಗು, ಒಳಗೆ ಸಣ್ಣ ಮರಳು, ಮರಳಿನ ನಡುವೆ ತೆಳುವಾದ ಲೋಹದ ಪಟ್ಟಿ. ಫ್ಯೂಸು ಹೋಗುವಾಗ ಪಟ್ಟಿ ಕರಗಿ ಕಿಡಿ ಹುಟ್ಟುತ್ತದೆ, ಆ ಕಿಡಿಯನ್ನು ಮರಳು ನುಂಗಿ ಆರಿಸುತ್ತದೆ. ಹಾಗಾಗಿ ಹೊರಗಿನಿಂದ ನೋಡಿದರೆ ಹೋದ ಫ್ಯೂಸಿಗೂ ಚೆನ್ನಾಗಿರುವುದಕ್ಕೂ ವ್ಯತ್ಯಾಸ ಕಾಣದೆ ಹೋಗಬಹುದು.

ಈ ಅಲಗುಗಳನ್ನು ಸ್ಪ್ರಿಂಗಿನ ಬಲವುಳ್ಳ ದವಡೆಗಳು ಕಚ್ಚಿ ಹಿಡಿದಿರುತ್ತವೆ. ಆ ಬಿಗಿ ಬೇಕೆಂದೇ ಕೊಟ್ಟದ್ದು. ಹಿಡಿತ ಸಡಿಲವಾದರೆ ಅಲ್ಲಿ ಬಿಸಿ ಹುಟ್ಟುತ್ತದೆ, ಬಿಸಿಗೆ ಲೋಹ ಕಪ್ಪಾಗುತ್ತದೆ, ಸ್ಪ್ರಿಂಗು ಸೋಲುತ್ತದೆ, ಬಿಸಿ ಮತ್ತೂ ಏರುತ್ತದೆ. ತೊಂದರೆ ಏನೆಂದರೆ ಈ ಬಿಗಿಗೆ ಬೆರಳು ಸಾಲುವುದಿಲ್ಲ. ಆಗ ಜನ ಕಟಿಂಗ್ ಪ್ಲೇಯರ್ ತರುತ್ತಾರೆ, ಇಲ್ಲವೇ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ. ಪಿಂಗಾಣಿ ಸೀಳುತ್ತದೆ, ದವಡೆ ಅಗಲವಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಜಾರಿದ ಸ್ಕ್ರೂಡ್ರೈವರ್ ಪಕ್ಕದ ಫೇಸಿಗೋ ಮೇಲಿನ ಟರ್ಮಿನಲ್ಲಿಗೋ ತಾಗುತ್ತದೆ.

ಸ್ವಿಚ್ ಆಫ್ ಮಾಡಿದ್ದೇವಲ್ಲ, ತಾಗಿದರೇನು ಎಂದು ಕೇಳಬಹುದು. ಲಿವರ್ ಕೆಳಗಿಳಿದರೂ ಲೈನಿನಿಂದ ತಂತಿ ಬಂದು ಸೇರುವ ಮೇಲಿನ ಮೂರು ಟರ್ಮಿನಲ್ಲುಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಫ್ಯೂಸುಗಳು ಸ್ವಿಚ್ಚಿನ ಆಚೆ, ಮೋಟಾರಿನ ಕಡೆಗೆ ಇರುವುದರಿಂದ ಅವು ಸತ್ತಿರಬೇಕು. ಆದರೆ ಸತ್ತಿವೆಯೇ ಎಂಬುದನ್ನು ಅಳೆದೇ ತಿಳಿಯಬೇಕು. ಒಳಗಿನ ಮೂರು ಬ್ಲೇಡುಗಳಲ್ಲಿ ಒಂದು ಬೆಸೆದುಕೊಂಡು ತೆರೆಯದೇ ಉಳಿಯಬಹುದು, ಹೊರಗಿನ ಲಿವರ್ ಮಾತ್ರ ಆಫ್ ತೋರಿಸುತ್ತಿರುತ್ತದೆ.

ಹಳ್ಳಿಗಳಲ್ಲಿ ನನಗೆ ಅತಿ ಹೆಚ್ಚು ಆತಂಕ ತರುವ ಅಭ್ಯಾಸ ಇದೇ ಜಾಗದಲ್ಲಿದೆ. ಕರೆಂಟ್ ಹೋದ ಹೊತ್ತು ನೋಡಿ ಫ್ಯೂಸಿಗೆ ಕೈ ಹಾಕುತ್ತಾರೆ. ತ್ರೀ ಫೇಸ್ ಸರತಿಯಲ್ಲಿ ಬರುವ ಊರಿನಲ್ಲಿ ಅದು ಯಾವ ಗಳಿಗೆಯಲ್ಲಾದರೂ ಮರಳಬಹುದು. ಇನ್ನೊಂದು ಅಪಾಯ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ: ಲೈನೇ ಸತ್ತಿರುವಾಗ ಅಳೆದರೆ ಎಲ್ಲೆಡೆಯೂ ಸೊನ್ನೆಯೇ ಬರುತ್ತದೆ, ಸ್ವಿಚ್ ನಿಜವಾಗಿ ತೆರೆದಿದೆಯೇ ಎಂಬುದಕ್ಕೆ ಅದು ಸಾಕ್ಷಿಯಾಗದು. ಆದ್ದರಿಂದ ಈ ಪರೀಕ್ಷೆ ಮಾಡಬೇಕಾದದ್ದು ಲೈನಿನಲ್ಲಿ ಮೂರೂ ಫೇಸ್ ಇರುವಾಗ, ಸ್ವಿಚ್ ಆಫ್ ಮಾಡಿಟ್ಟು. ಪರೀಕ್ಷೆಯ ಈ ಭಾಗ ಎಲೆಕ್ಟ್ರಿಷಿಯನ್ನರದು. ಕೈಗವಸು ತೊಟ್ಟು ಅಳೆದು ಅಭ್ಯಾಸವಿಲ್ಲದವರು ಮುಚ್ಚಳ ತೆರೆಯುವುದೇ ಬೇಡ.

ಏಳೂವರೆ ಎಚ್‌ಪಿ ಮೋಟಾರಿನ ಒಂದು ಬೋರ್ಡನ್ನೇ ತೆಗೆದುಕೊಳ್ಳೋಣ. ಮೊದಲು ಸ್ಟಾರ್ಟರ್ ಸ್ಟಾಪ್ ಮಾಡಿ, ಆಟೋ ಇದ್ದರೆ ಅದನ್ನೂ ತೆಗೆದು, ಆಮೇಲೆ ಮೇನ್ ಸ್ವಿಚ್ಚಿನ ಲಿವರ್ ಇಳಿಸಬೇಕು. ಲಿವರಿನ ತೂತಿಗೆ ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವರೇ ಜೇಬಿನಲ್ಲಿಟ್ಟುಕೊಳ್ಳಬೇಕು. ಜನರೇಟರ್ ಜೋಡಿಸಿದ್ದರೆ ಅದೂ ನಿಂತಿರಬೇಕು, ಅದು ಕೆಳಗಿನಿಂದ ಕರೆಂಟ್ ತಳ್ಳಬಲ್ಲದು. ಬೋರ್ಡಿನಲ್ಲಿ ಕೆಪಾಸಿಟರ್ ಇದ್ದರೆ, ಅಂದರೆ ರೈತರು ಕಂಡೆನ್ಸರ್ ಎನ್ನುವುದು, ಐದು ನಿಮಿಷ ಕಾಯಬೇಕು. ಸ್ವಿಚ್ ಆರಿದ ಮೇಲೂ ಅದರೊಳಗೆ ಚಾರ್ಜ್ ಉಳಿದಿರುತ್ತದೆ. ಕಾದ ಮೇಲೂ ಮಲ್ಟಿಮೀಟರಿನ ಡಿಸಿ ರೇಂಜಿನಲ್ಲಿ ಅದರ ತುದಿಗಳನ್ನು ಒಮ್ಮೆ ಅಳೆಯಬೇಕು.

ಈಗ ಮಲ್ಟಿಮೀಟರನ್ನು ಎಸಿ ರೇಂಜಿಗಿಟ್ಟು ಮೇಲಿನ ಟರ್ಮಿನಲ್ಲುಗಳನ್ನು ಜೋಡಿ ಜೋಡಿಯಾಗಿ ಅಳೆದರೆ ಸುಮಾರು 400 ವೋಲ್ಟ್ ಬರಬೇಕು. ಲೈನಿನಲ್ಲಿ ಕರೆಂಟಿದೆ, ಮೀಟರೂ ಸರಿಯಿದೆ ಎಂಬುದು ಇದರಿಂದ ಗೊತ್ತಾಯಿತು. ಅದೇ ಮೀಟರಿನಿಂದ ಪ್ರತಿ ಫ್ಯೂಸಿನ ಎರಡೂ ತುದಿಗಳನ್ನು, ಒಂದಕ್ಕೊಂದು ಮತ್ತು ಅರ್ಥಿಂಗಿಗೆ, ಅಳೆದು ಸೊನ್ನೆ ಕಾಣಬೇಕು. ಕೊನೆಗೆ ಮತ್ತೊಮ್ಮೆ ಮೇಲೆ ಅಳೆದು 400 ಬರುತ್ತದೆಯೇ ನೋಡಬೇಕು, ನಡುವೆ ಮೀಟರು ಕೆಟ್ಟಿಲ್ಲ ಎಂಬುದಕ್ಕೆ. ಜೇಬಿನ ನಿಯಾನ್ ಟೆಸ್ಟರ್ ಈ ಕೆಲಸಕ್ಕೆ ಸಾಲದು. ಅದು ಹಿಡಿದವರ ಮೈಯ ಮೂಲಕ ನೆಲಕ್ಕೆ ಹರಿಯುವ ಅತಿ ಸಣ್ಣ ಕರೆಂಟಿನಿಂದ ಉರಿಯುತ್ತದೆ. ದಪ್ಪ ರಬ್ಬರ್ ಚಪ್ಪಲಿ ತೊಟ್ಟು ಒಣ ಹಲಗೆಯ ಮೇಲೆ ನಿಂತಾಗ, ಅಥವಾ ಹೊರಗಿನ ಬಿಸಿಲಿನಲ್ಲಿ, ಅದರ ಬೆಳಕು ಕಣ್ಣಿಗೆ ಬೀಳದೇ ಇರಬಹುದು. ಮೇಲಿನ ಟರ್ಮಿನಲ್ಲುಗಳಿಗೆ ಮರೆ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಹಿಂದಿನ ಸ್ವಿಚ್ಚಿನಲ್ಲೂ ಕರೆಂಟ್ ತೆಗೆಸಿದ ಮೇಲೆಯೇ ಮುಂದುವರಿಯಬೇಕು. ಮೀಟರಿಗಿಂತ ಹಿಂದಿನದು, ಟಿಸಿ ಹತ್ತಿರದ ಫ್ಯೂಸೂ ಸೇರಿ, ವಿದ್ಯುತ್ ಕಂಪನಿಯದು. ಅದನ್ನು ಲೈನ್‌ಮನ್ ಒಬ್ಬರೇ ಮುಟ್ಟಬೇಕು.

ಬಿಡಿಸುವುದಕ್ಕೆ ಫ್ಯೂಸ್ ಪುಲ್ಲರ್ ಎಂಬ ಹಿಡಿಕೆಯಿದೆ. ಫ್ಯೂಸಿನ ಮೈಯ ಮೇಲೂ ಕೆಳಗೂ ಮುಂದಕ್ಕೆ ಚಾಚಿದ ಎರಡು ಸಣ್ಣ ಕಿವಿಗಳಿರುವುದು ಇದಕ್ಕೇ. ಹಿಡಿಕೆಯ ಸೀಳನ್ನು ಕಿವಿಗಳಿಗೆ ಸಿಕ್ಕಿಸಿ, ಅದು ಕೂತಿತೆಂದು ಸ್ವಲ್ಪ ಅಲ್ಲಾಡಿಸಿ ನೋಡಿ, ನೇರ ಮುಂದಕ್ಕೆ ಎಳೆಯಬೇಕು. ಬರದಿದ್ದರೆ ಮೇಲಿನ ತುದಿ ಒಂದಿಷ್ಟು, ಕೆಳಗಿನ ತುದಿ ಒಂದಿಷ್ಟು ಎಂದು ಸರದಿಯಲ್ಲಿ ಹೊರಗೆ ತರಬಹುದು. ಆ ದಿಕ್ಕಿನಲ್ಲಿ ಅಲಗು ದವಡೆಯ ಸೀಳಿನಲ್ಲೇ ಜಾರುತ್ತದೆ. ಎಡಬಲಕ್ಕೆ ತಿರುಚಿದರೆ ದವಡೆ ಬಾಯಿ ತೆರೆದು ಮತ್ತೆ ಕಚ್ಚದು. ಆಗತಾನೆ ಹೋದ ಫ್ಯೂಸು ಸುಡುವಷ್ಟು ಬಿಸಿ ಇರುತ್ತದೆ, ತಣಿಯಲು ಬಿಡಬೇಕು. ದವಡೆ ನೀಲಿಗಟ್ಟಿ ಕಪ್ಪಾಗಿದ್ದರೆ, ಬೇಸಿನ ಪ್ಲಾಸ್ಟಿಕ್ ಕರಗಿದ್ದರೆ, ಎರಡು ಮೂರು ಗಟ್ಟಿ ಎಳೆತಕ್ಕೂ ಕದಲದಿದ್ದರೆ ಅದು ಬೆಸೆದುಕೊಂಡಿದೆ. ಮತ್ತಷ್ಟು ಬಲ ಹಾಕದೆ, ಪೂರ್ತಿ ಬೋರ್ಡಿಗೆ ಕರೆಂಟ್ ತೆಗೆಸಿ ಬೇಸನ್ನೇ ಬದಲಿಸಬೇಕು.

ಯಾವುದು ಹೋಗಿದೆ ಎಂದು ನೋಡುವುದು ತೆಗೆದ ಮೇಲೆ. ಫ್ಯೂಸು ಬೋರ್ಡಿನಲ್ಲಿದ್ದಾಗ ಮೀಟರು ಬೀಪ್ ಎಂದರೂ ನಂಬುವಂತಿಲ್ಲ, ಮೋಟಾರಿನ ಕಾಯಿಲು ಅಥವಾ ಬೇರೆ ಜೋಡಣೆಯ ಮೂಲಕ ದಾರಿ ಸಿಕ್ಕಿರಬಹುದು. ಮೂರನ್ನೂ ತೆಗೆದು ಒಂದೊಂದನ್ನೇ ಮೇಜಿನ ಮೇಲಿಟ್ಟು ಅಳೆದರೆ, ಚೆನ್ನಾಗಿರುವುದು ಸೊನ್ನೆಗೆ ತೀರ ಹತ್ತಿರದ ಓಮ್ ತೋರಿಸುತ್ತದೆ, ಹೋದದ್ದು OL ಎನ್ನುತ್ತದೆ. ಆ ಹೊಡೆತವನ್ನು ಉಳಿದೆರಡೂ ತಿಂದಿರುವುದರಿಂದ ಮೂರನ್ನೂ ಬದಲಿಸುವುದು ಒಳ್ಳೆಯದು.

ಹಳೆಯದರ ಮೇಲೆ 25 ಆಂಪಿಯರ್ ಎಂದಿದ್ದರೆ ಹೊಸದೂ 25, ಅದೇ ಸೈಜು, ಅದೇ ಮಾದರಿ. ಈ ಮೋಟಾರು ಓಡುವಾಗ ಎಳೆಯುವುದು ಸುಮಾರು 11ರಿಂದ 13 ಆಂಪಿಯರ್. ಶುರುವಾಗುವಾಗ ಕೆಲವು ಸೆಕೆಂಡು ಅದರ ಐದಾರು ಪಟ್ಟು ಎಳೆಯುತ್ತದೆ, ಅದನ್ನು ತಾಳಲೆಂದೇ ಫ್ಯೂಸು ಅಷ್ಟು ದೊಡ್ಡದು. ಅಲಗಿಗೆ ತಂತಿ ಸುತ್ತಿದರೆ ಮುಂದಿನ ಸಲ ಕರಗುವುದು ಕೇಬಲ್ಲೋ ಮೋಟಾರೋ ಆಗುತ್ತದೆ. ಹೊಸದನ್ನೂ ಪುಲ್ಲರಿನಲ್ಲೇ ಹಿಡಿದು ತಳ್ಳಬೇಕು. ಒಳಗೆ ಹೋಗುವಾಗ ಅದು ತಡೆದು ತಡೆದು ಹೋಗಬೇಕು. ಸಲೀಸಾಗಿ ಜಾರಿದರೆ ದವಡೆ ಸೋತಿದೆ ಎಂದರ್ಥ.

ಬೀಗ ತೆಗೆಯುವ ಮೊದಲು ಮೋಟಾರಿನ ಕೇಬಲ್ ಬಿಚ್ಚಿ ಮೆಗ್ಗರ್ ಹಿಡಿಸುವುದು ಒಳ್ಳೆಯದು, ಎಚ್‌ಆರ್‌ಸಿ ಫ್ಯೂಸು ಕಾರಣವಿಲ್ಲದೆ ಹೋಗುವುದು ಅಪರೂಪ. ಹೊಸ ಫ್ಯೂಸೂ ಸ್ಟಾರ್ಟರ್ ಒತ್ತಿದೊಡನೆ ಹೋದರೆ ಮತ್ತೊಂದನ್ನು ಹಾಕಬಾರದು. ಕೆಟ್ಟಿರುವುದು ಕೊಳವೆಬಾವಿಯೊಳಗಿನ ಕೇಬಲ್ಲೋ ಮೋಟಾರೋ ಆಗಿರುತ್ತದೆ, ಅದನ್ನು ಮೇಲೆತ್ತಿ ನೋಡಬೇಕು.