ಗ್ಯಾಪ್ ಹಿಗ್ಗಿದ್ದೇಕೆ, ಕುಗ್ಗಿದ್ದೇಕೆ?

ಜಿಂಕ್ ಆಕ್ಸೈಡ್ ನ್ಯಾನೊ ಕಣಗಳಿಗೆ ಬೇರೊಂದು ಲೋಹ ಸೇರಿಸಿ ಅವುಗಳ ಬ್ಯಾಂಡ್ ಗ್ಯಾಪ್ ಬದಲಿಸುವುದು ಎಂ.ಎಸ್ಸಿ. ವಿದ್ಯಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುವ ಪ್ರಾಜೆಕ್ಟ್. ವರದಿಯ ಪೀಠಿಕೆ ಮಾತ್ರ ಅನೇಕ ಸಲ ಮುಲಾಮು, ಸನ್‌ಸ್ಕ್ರೀನ್, ರಬ್ಬರು ಎಂದು ಉಪಯೋಗಗಳನ್ನು ಎಣಿಸುವುದರಲ್ಲೇ ಮುಗಿದುಹೋಗುತ್ತದೆ. ಪೀಠಿಕೆಯ ನಿಜವಾದ ಕೆಲಸ ಬೇರೆ ಎಂದೇ ನನ್ನ ನಂಬಿಕೆ. ಗ್ಯಾಪ್ ಯಾವ ಕಡೆಗೆ ಸರಿಯಬೇಕು, ಏಕೆ ಸರಿಯಬೇಕು ಎಂಬುದನ್ನು ಅದು ಪ್ರಯೋಗಕ್ಕೆ ಮೊದಲೇ ಹೇಳಬೇಕು.

ಹರಳಿನೊಳಗಿನ ಎಲೆಕ್ಟ್ರಾನುಗಳು ಇರಬಹುದಾದ ಶಕ್ತಿಯ ಪಟ್ಟಿಗಳು ಎರಡು. ಕೆಳಗಿನದು ತುಂಬಿರುತ್ತದೆ, ಮೇಲಿನದು ಬಹುತೇಕ ಖಾಲಿ. ನಡುವಿನ ಅಂತರವೇ ಬ್ಯಾಂಡ್ ಗ್ಯಾಪ್. ಜಿಂಕ್ ಆಕ್ಸೈಡಿನಲ್ಲಿ ಅದು ಸುಮಾರು 3.37 ಎಲೆಕ್ಟ್ರಾನ್ ವೋಲ್ಟ್. 1240ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಎಲೆಕ್ಟ್ರಾನನ್ನು ಮೇಲಕ್ಕೆ ಹಾರಿಸಬಲ್ಲ ಬೆಳಕಿನ ತರಂಗಾಂತರ ನ್ಯಾನೊಮೀಟರ್‌ಗಳಲ್ಲಿ ಸಿಗುತ್ತದೆ: 368. ಇದು ಅತಿನೇರಳೆ. ಕಣ್ಣಿಗೆ ಕಾಣುವ ಬೆಳಕಿಗೆ ಅಷ್ಟು ಶಕ್ತಿಯಿಲ್ಲದ್ದರಿಂದ ಪುಡಿ ಅದನ್ನು ಹೀರದೆ ಚದುರಿಸುತ್ತದೆ, ಬೆಳ್ಳಗೆ ಕಾಣುತ್ತದೆ. ಬಿಸಿಲಿನಲ್ಲಿ ಬಣ್ಣದ ನೀರನ್ನು ಶುದ್ಧಗೊಳಿಸಲು ಈ ಪುಡಿ ಬಳಸಬೇಕೆನ್ನುವವರಿಗೆ ತೊಡಕಾಗುವುದೂ ಇದೇ. ಬಿಸಿಲಿನಲ್ಲಿ ಅತಿನೇರಳೆಯ ಪಾಲು ತೀರ ಕಡಿಮೆ. ಹಾಗಾಗಿ ಅವರಿಗೆ ಗ್ಯಾಪ್ ಕುಗ್ಗಬೇಕು.

ಸತುವಿನ ಕೆಲವು ಅಯಾನುಗಳನ್ನು ತೆಗೆದು ಆ ಜಾಗದಲ್ಲಿ ಬೇರೆ ಲೋಹದ ಅಯಾನು ಕೂರಿಸುವುದೇ ಡೋಪಿಂಗ್. ಆದರೆ ಯಾವ ಲೋಹ ಎಂಬುದರ ಮೇಲೆ ಫಲಿತಾಂಶ ತಿರುಗುಮುರುಗಾಗಬಹುದು. ಅಲ್ಯುಮಿನಿಯಂ ತೆಗೆದುಕೊಳ್ಳಿ. ಸತು ಎರಡು ಎಲೆಕ್ಟ್ರಾನು ಕೊಡುವ ಕಡೆ ಅದು ಮೂರು ಕೊಡುತ್ತದೆ. ಮಿಕ್ಕ ಎಲೆಕ್ಟ್ರಾನು ಮೇಲಿನ ಪಟ್ಟಿಯ ತಳಕ್ಕೆ ಹೋಗಿ ಸೇರುತ್ತದೆ. ಬಸ್ಸಿನ ಮುಂದಿನ ಸೀಟುಗಳು ಭರ್ತಿಯಾಗಿದ್ದರೆ ಹೊಸದಾಗಿ ಹತ್ತಿದವರು ಹಿಂದಕ್ಕೆ ನಡೆಯಲೇಬೇಕಲ್ಲವೇ? ಹಾಗೆಯೇ ಬೆಳಕಿನಿಂದ ಹಾರುವ ಎಲೆಕ್ಟ್ರಾನು ಇನ್ನೂ ಮೇಲಿನ ಖಾಲಿ ಜಾಗ ಹುಡುಕಬೇಕಾಗುತ್ತದೆ. ಪಟ್ಟಿಗಳು ಇದ್ದಲ್ಲೇ ಇದ್ದರೂ ಅಳತೆಯಲ್ಲಿ ಗ್ಯಾಪ್ ಹಿಗ್ಗಿದಂತೆ ಕಾಣುತ್ತದೆ. 1954ರಲ್ಲಿ ಇಂಥದೇ ಸರಿತವನ್ನು ವಿವರಿಸಿದ ಇಬ್ಬರ ಹೆಸರಿನಲ್ಲಿ ಇದಕ್ಕೆ ಬರ್‌ಸ್ಟೀನ್-ಮಾಸ್ ಪರಿಣಾಮ ಎನ್ನುತ್ತಾರೆ. ಬಿಸಿಲಿನ ಕೆಲಸಕ್ಕೆ ಅಲ್ಯುಮಿನಿಯಂ ಒದಗದು. ಪಾರದರ್ಶಕ ವಿದ್ಯುದ್ವಾಹಕದ ಲೇಪ ಬೇಕಾದವರಿಗೆ ಅದೇ ಸರಿ.

ಕೋಬಾಲ್ಟ್ ಹಾಗಲ್ಲ. ಅದರ ಅಯಾನು ಸತುವಿನಷ್ಟೇ ವಿದ್ಯುದಂಶದ್ದು, ಗಾತ್ರದಲ್ಲೂ ಹೆಚ್ಚು ಕಡಿಮೆ ಅಷ್ಟೇ. ಆದ್ದರಿಂದ ಹರಳಿನಲ್ಲಿ ಸಲೀಸಾಗಿ ಕೂರುತ್ತದೆ, ಹೆಚ್ಚುವರಿ ಎಲೆಕ್ಟ್ರಾನು ತರುವುದಿಲ್ಲ. ಬಿಳಿ ಪುಡಿ ಹಸಿರಾಗುತ್ತದೆ. ಸ್ವೀಡನ್ನಿನ ಸ್ವೆನ್ ರಿನ್ಮನ್ ಹದಿನೆಂಟನೇ ಶತಮಾನದಲ್ಲೇ ಈ ಹಸಿರನ್ನು ಕಂಡಿದ್ದ, ಬಣ್ಣ ಇಂದಿಗೂ ಅವನ ಹೆಸರಿನಲ್ಲಿದೆ. ಕೋಬಾಲ್ಟಿನ ಒಳಗಿನ ಎಲೆಕ್ಟ್ರಾನುಗಳು ಹರಳಿನ ಎಲೆಕ್ಟ್ರಾನುಗಳೊಂದಿಗೆ ಒಡನಾಡುವುದರಿಂದ ಗ್ಯಾಪ್ ಕುಗ್ಗುತ್ತದೆ ಎಂಬ ವಿವರಣೆ ಪೀಠಿಕೆಗಳಲ್ಲಿ ಸಾಮಾನ್ಯ.

ಎಚ್ಚರ ಬೇಕಾದುದು ಇಲ್ಲೇ. ಬೆಳಕು ಹೀರುವಿಕೆಯ ಅಳತೆಯಿಂದ ಟಾಕ್ ನಕ್ಷೆ ಬರೆದು, ಅದರ ಏರು ಭಾಗಕ್ಕೆ ಸರಳರೇಖೆ ಎಳೆದು, ಅದು ಅಡ್ಡಗೆರೆಯನ್ನು ಮುಟ್ಟುವಲ್ಲಿ ಗ್ಯಾಪ್ ಓದುತ್ತಾರೆ. ಬರಿಯ ಜಿಂಕ್ ಆಕ್ಸೈಡಿಗೆ 3.37 ಬಂತು, ಕೋಬಾಲ್ಟ್ ಸೇರಿದ್ದಕ್ಕೆ 3.18 ಬಂತು ಎಂದಿಟ್ಟುಕೊಳ್ಳಿ. ಹೀರುವಿಕೆ 368ರಿಂದ 390 ನ್ಯಾನೊಮೀಟರ್‌ಗೆ ಸರಿದಂತಾಯಿತು. ಇದು ಗ್ಯಾಪ್ ಕುಗ್ಗಿದ್ದೇ ಆಗಬೇಕಿಲ್ಲ. ಕೋಬಾಲ್ಟ್ ತಾನೇ ಗ್ಯಾಪಿಗಿಂತ ಕಡಿಮೆ ಶಕ್ತಿಯ ಬೆಳಕನ್ನೂ ಸ್ವಲ್ಪ ಹೀರುತ್ತದೆ. ಆ ಹೀರುವಿಕೆ ಬಾಲದಂತೆ ಚಾಚಿಕೊಂಡಾಗ ರೇಖೆ ಅದರ ಮೇಲೆ ಬಿದ್ದು ಸಂಖ್ಯೆಯನ್ನು ಕೆಳಗೆಳೆಯುತ್ತದೆ. ಪಟ್ಟಿಗಳೇ ಹತ್ತಿರ ಬಂದವೋ, ನಡುವೆ ಹೊಸ ಹೀರುವಿಕೆ ಸೇರಿತೋ ಎಂಬ ಎರಡೂ ಸಾಧ್ಯತೆಗಳನ್ನು ಪೀಠಿಕೆ ಹೆಸರಿಸದಿದ್ದರೆ, ಮುಂದಿನ ಪುಟಗಳಲ್ಲಿ 3.18 ಎಂಬುದೊಂದೇ ಉತ್ತರವಾಗಿ ಉಳಿದುಬಿಡುತ್ತದೆ.

ಕಣದ ಗಾತ್ರವೂ ಮರೆಯುವಂತಿಲ್ಲ. ಡೋಪಿಂಗ್ ಅನೇಕ ಸಲ ಹರಳಿನ ಬೆಳವಣಿಗೆಯನ್ನು ತಡೆಯುತ್ತದೆ. ಕಣ 25 ನ್ಯಾನೊಮೀಟರ್‌ನಿಂದ 15ಕ್ಕೆ ಇಳಿದರೆ ಗ್ಯಾಪಿಗೆ ಅದು ಲೆಕ್ಕವಲ್ಲ. ನಾಲ್ಕೈದಕ್ಕೆ ಇಳಿದರೆ ಮಾತ್ರ ಎಲೆಕ್ಟ್ರಾನು ಇಕ್ಕಟ್ಟಿಗೆ ಸಿಕ್ಕಿ, ಯಾವ ಲೋಹ ಸೇರಿಸದಿದ್ದರೂ ಗ್ಯಾಪ್ ಹಿಗ್ಗುತ್ತದೆ. ಹಾಗಾಗಿ ಎಕ್ಸ್-ರೇ ವಿವರ್ತನೆಯಿಂದ ಪ್ರತಿ ಮಾದರಿಯ ಗಾತ್ರ ಅಳೆಯುವುದಾಗಿ ಪೀಠಿಕೆಯಲ್ಲೇ ಹೇಳಿರಬೇಕು.

ನಾನು ನೋಡಬಯಸುವ ಪೀಠಿಕೆಯ ಕೊನೆಯ ವಾಕ್ಯಗಳು ಹೀಗಿರುತ್ತವೆ: ಶೇ. 1, 3, 5ರಷ್ಟು ಕೋಬಾಲ್ಟ್ ಸೇರಿಸಿ, ಎಲ್ಲ ಮಾದರಿಗಳನ್ನೂ ಒಂದೇ ತಾಪಮಾನದಲ್ಲಿ ಸುಡುತ್ತೇವೆ. ದ್ರಾವಣಕ್ಕೆ ಹಾಕಿದ್ದೆಲ್ಲ ಹರಳಿಗೆ ಹೋಗುವುದಿಲ್ಲವಾದ್ದರಿಂದ ಪುಡಿಯಲ್ಲಿ ಉಳಿದ ಕೋಬಾಲ್ಟನ್ನು ಬೇರೆಯಾಗಿ ಅಳೆಯುತ್ತೇವೆ. ಅದು ಸತುವಿನ ಜಾಗದಲ್ಲಿ ಕೂತಿದ್ದರೆ 565, 610, 655 ನ್ಯಾನೊಮೀಟರ್‌ಗಳ ಆಸುಪಾಸಿನಲ್ಲಿ ಹೀರುವಿಕೆಯ ಮೂರು ಉಬ್ಬುಗಳು ಕಾಣಬೇಕು. ಅವು ಕಾಣದೆ ಪುಡಿ ಕಪ್ಪಾಗಿದ್ದರೆ, ಕೋಬಾಲ್ಟ್ ತನ್ನದೇ ಆಕ್ಸೈಡಾಗಿ ಬೇರೆ ಉಳಿದಿದೆಯೇ ಎಂದು ಮೊದಲು ನೋಡುತ್ತೇವೆ, ಗ್ಯಾಪಿನ ಮಾತು ಆಮೇಲೆ.