ಹುದ್ದೆಗಳ ಸಂಖ್ಯೆಗಿಂತ ಮೊದಲು ಬರೆಯಬೇಕಾದದ್ದು

ಸರ್ಕಾರಿ ಕೆಲಸದ ಅಧಿಸೂಚನೆಗಳನ್ನು ದಿನಕ್ಕೊಂದು ಪೋಸ್ಟಿನಲ್ಲಿ ಸಂಕ್ಷೇಪಿಸುವ ಟೆಲಿಗ್ರಾಂ ಚಾನೆಲ್‌ಗಳನ್ನು ಹಳ್ಳಿಯ ಓದುಗರು ಬೆಳಗಿನ ಪತ್ರಿಕೆಯಂತೆ ನೋಡುತ್ತಾರೆ. ಮೂಲ ಅಧಿಸೂಚನೆ ಹತ್ತಾರು ಪುಟಗಳ ಪಿಡಿಎಫ್. ಅದೂ ಬಹುಪಾಲು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೊಬೈಲಿನಲ್ಲಿ ಅದನ್ನು ಪೂರ್ತಿ ಓದುವವರು ಕಡಿಮೆ. ಆದ್ದರಿಂದ ಸೈಬರ್ ಸೆಂಟರ್‌ಗೆ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಆ ಹತ್ತು ಹದಿನೈದು ಸಾಲಿನ ಸಾರಾಂಶದ ಮೇಲೆಯೇ ಆಗಿಬಿಡುತ್ತದೆ.

ಟೆಲಿಗ್ರಾಂನ ಒಂದು ಸಂದೇಶದಲ್ಲಿ 4096 ಅಕ್ಷರಗಳವರೆಗೆ ಬರೆಯಬಹುದು. ಪಿಡಿಎಫ್ ಲಗತ್ತಿಸಿ ಅದರ ಕೆಳಗೆ ಬರೆಯುವುದಾದರೆ ಸಾಮಾನ್ಯ ಖಾತೆಗೆ ಸಿಗುವುದು 1024 ಅಕ್ಷರ ಮಾತ್ರ. ಕನ್ನಡದಲ್ಲಿ ಒತ್ತಕ್ಷರ, ಗುಣಿತ ಚಿಹ್ನೆಗಳೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ಜಾಗ ಇನ್ನೂ ಬೇಗ ಮುಗಿಯುತ್ತದೆ. ಯಾವುದನ್ನು ಮೊದಲು ಬರೆಯಬೇಕು ಎಂಬ ಪ್ರಶ್ನೆ ಏಳುವುದು ಇಲ್ಲಿಯೇ. ಹೆಚ್ಚಿನ ಪೋಸ್ಟುಗಳು ಹುದ್ದೆಗಳ ಸಂಖ್ಯೆಯಿಂದ ಶುರುವಾಗುತ್ತವೆ. ಆದರೆ ಯಾರು ಅರ್ಜಿ ಹಾಕಿ ಪ್ರಯೋಜನವಿಲ್ಲ ಎಂಬುದನ್ನು ಮೊದಲ ಸಾಲುಗಳಲ್ಲೇ ಹೇಳುವ ಪೋಸ್ಟು ಓದುಗರ ಹಣವನ್ನೂ ದಿನವನ್ನೂ ಉಳಿಸುತ್ತದೆ.

2025ರ ಫೆಬ್ರವರಿಯಲ್ಲಿ ಅಂಚೆ ಇಲಾಖೆ ಹೊರಡಿಸಿದ ಗ್ರಾಮೀಣ ಡಾಕ್ ಸೇವಕರ ಅಧಿಸೂಚನೆ ಇದಕ್ಕೆ ಒಳ್ಳೆಯ ಉದಾಹರಣೆ. ದೇಶದಲ್ಲಿ ಒಟ್ಟು 21,413 ಹುದ್ದೆ, ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆಯ್ಕೆ. 'ಪರೀಕ್ಷೆ ಇಲ್ಲದೆ 21 ಸಾವಿರ ಕೆಲಸ' ಎಂದು ಬರೆದರೆ ಅದರಲ್ಲಿ ಸುಳ್ಳೇನೂ ಇಲ್ಲ, ಓದುಗರಿಗೆ ಉಪಯೋಗವೂ ಇಲ್ಲ. ಕರ್ನಾಟಕ ವೃತ್ತಕ್ಕೆ ಬಂದದ್ದು 1,135 ಹುದ್ದೆ. ಅವು ಮತ್ತೆ ಅಂಚೆ ವಿಭಾಗಗಳಿಗೆ ಹಂಚಿಹೋಗಿದ್ದವು. ಅಭ್ಯರ್ಥಿ ಒಂದೇ ವಿಭಾಗವನ್ನು ಆರಿಸಿಕೊಂಡು, ಅದರೊಳಗಿನ ಕಚೇರಿಗಳಿಗೆ ಮಾತ್ರ ಆದ್ಯತೆ ಕೊಡಬಹುದಿತ್ತು. ಅಲ್ಲಿಯೂ ಪ್ರತಿ ಹುದ್ದೆ ಒಂದೊಂದು ಮೀಸಲು ವರ್ಗಕ್ಕೆ ಸೇರಿರುತ್ತದೆ. ಹಾವೇರಿ ವಿಭಾಗವನ್ನು ಆರಿಸಿಕೊಂಡ ಹುಡುಗಿಗೆ ಮುಖ್ಯವಾದದ್ದು ಆ ವಿಭಾಗದಲ್ಲಿ ತನ್ನ ವರ್ಗಕ್ಕೆ ಎಷ್ಟು ಕಚೇರಿಗಳಿವೆ ಎಂಬ ಲೆಕ್ಕ. ಆ ಪಟ್ಟಿ ಇದ್ದದ್ದು indiapostgdsonline.gov.in ತಾಣದಲ್ಲಿ. ಸಾರಾಂಶ ಆ ಪುಟದ ದಾರಿ ತೋರಿಸಿದರೆ ಸಾಕು.

ಅರ್ಜಿಗೆ ಅವಕಾಶವಿದ್ದದ್ದು ಫೆಬ್ರವರಿ 10ರಿಂದ ಮಾರ್ಚ್ 3ರವರೆಗೆ. ವಯಸ್ಸು 18ರಿಂದ 40. ಈ ಎರಡೂ ಮಾಹಿತಿಯನ್ನು ಎಲ್ಲರೂ ಕೊಡುತ್ತಾರೆ, ಎರಡನ್ನೂ ಜೋಡಿಸಿ ಹೇಳುವವರು ಕಡಿಮೆ. ಇಲ್ಲಿ ವಯಸ್ಸನ್ನು ಎಣಿಸಿದ್ದು ಅರ್ಜಿಯ ಕೊನೆಯ ದಿನಕ್ಕೆ. 2007ರ ಮಾರ್ಚ್ 5ರಂದು ಹುಟ್ಟಿದವರಿಗೆ ಮಾರ್ಚ್ 3ಕ್ಕೆ ಹದಿನೆಂಟು ತುಂಬಲು ಎರಡು ದಿನ ಬಾಕಿ. ಎಷ್ಟೇ ಅಂಕವಿದ್ದರೂ ಅವರು ಅರ್ಹರಲ್ಲ. ಹೀಗಾಗಿ 'ವಯಸ್ಸು 18' ಎನ್ನುವುದಕ್ಕಿಂತ '3-3-2007ರಂದು ಅಥವಾ ಅದಕ್ಕೂ ಮೊದಲು ಹುಟ್ಟಿರಬೇಕು' ಎಂದು ಬರೆಯುವುದು ಲೇಸು. ಓದುಗರು ತಮ್ಮ ಅಂಕಪಟ್ಟಿಯ ಜನ್ಮದಿನಾಂಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಮುಗಿಯಿತು.

ಹತ್ತನೇ ತರಗತಿ ಪಾಸಾಗಿರುವುದರ ಜೊತೆಗೆ ಗಣಿತ ಮತ್ತು ಇಂಗ್ಲಿಷಿನಲ್ಲಿ ಉತ್ತೀರ್ಣರಾಗಿರಬೇಕು, ಸ್ಥಳೀಯ ಭಾಷೆಯನ್ನು ಆ ಹಂತದವರೆಗೆ ಓದಿರಬೇಕು. ಕಂಪ್ಯೂಟರ್ ಜ್ಞಾನ ಬೇಕು, ಸೈಕಲ್ ತುಳಿಯಲು ಬರಬೇಕು. ಇವುಗಳಲ್ಲಿ ಭಾಷೆಯ ಷರತ್ತು ಗಡಿ ಭಾಗದವರಿಗೆ ತೊಡಕಾಗಬಹುದು. ಪಕ್ಕದ ರಾಜ್ಯದ ಹುದ್ದೆಗೆ ಅರ್ಜಿ ಹಾಕುವ ಕನ್ನಡ ಮಾಧ್ಯಮದ ಹುಡುಗ ಅಲ್ಲಿನ ಭಾಷೆಯನ್ನು ಶಾಲೆಯಲ್ಲಿ ಓದಿರಬೇಕು, ಆಡಲು ಬಂದರೆ ಸಾಲದು.

ಕರ್ನಾಟಕದ ಓದುಗರಿಗಾಗಿ ಬಿಡಿಸಿ ಬರೆಯಲೇಬೇಕಾದ ವಿಷಯ ಜಾತಿ ಪ್ರಮಾಣಪತ್ರ. ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂಬ ವಿಂಗಡಣೆ ರಾಜ್ಯ ಸರ್ಕಾರದ್ದು. ಅಂಚೆ, ರೈಲ್ವೆಯಂಥ ಕೇಂದ್ರದ ನೇಮಕಾತಿಯಲ್ಲಿ ಅದು ನಡೆಯುವುದಿಲ್ಲ. ಅಲ್ಲಿರುವುದು ಒಬಿಸಿ ಎಂಬ ಒಂದೇ ವರ್ಗ. ಅದಕ್ಕೆ ಕೇಂದ್ರದ ಪಟ್ಟಿಯೂ ಪ್ರಮಾಣಪತ್ರದ ನಮೂನೆಯೂ ಬೇರೆ. ನಾಡಕಚೇರಿಯಲ್ಲಿ ಕೇಂದ್ರದ ಒಬಿಸಿ ಪತ್ರವನ್ನು ಪ್ರತ್ಯೇಕವಾಗಿಯೇ ಕೇಳಿ ಪಡೆಯಬೇಕು. ಕೈಯಲ್ಲಿ 2ಎ ಪತ್ರ ಇಟ್ಟುಕೊಂಡು ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕಿದವರ ತಪ್ಪು ತಿಳಿಯುವುದು ದಾಖಲೆ ಪರಿಶೀಲನೆಯ ದಿನ, ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೆ. ಅದೇ ರೀತಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ, ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿ ಇವೆಲ್ಲ ರಾಜ್ಯದ ಹುದ್ದೆಗಳಿಗೆ ಸಂಬಂಧಿಸಿದವು. ಹಾಗಾಗಿ ಪ್ರತಿ ಪೋಸ್ಟಿನ ತಲೆಯಲ್ಲೇ 'ಕೇಂದ್ರ' ಅಥವಾ 'ರಾಜ್ಯ' ಎಂಬ ಒಂದು ಪದವಿದ್ದರೆ ಅಷ್ಟರಿಂದಲೇ ಅರ್ಧ ಗೊಂದಲ ತಪ್ಪುತ್ತದೆ.

ಸಂಬಳದ ಸಾಲೂ ಜಾಗರೂಕತೆ ಬೇಡುತ್ತದೆ. ಶಾಖಾ ಪೋಸ್ಟ್‌ಮಾಸ್ಟರ್‌ಗೆ 12,000ದಿಂದ 29,380 ರೂಪಾಯಿ, ಸಹಾಯಕ ಶಾಖಾ ಪೋಸ್ಟ್‌ಮಾಸ್ಟರ್ ಮತ್ತು ಡಾಕ್ ಸೇವಕರಿಗೆ 10,000ದಿಂದ 24,470 ರೂಪಾಯಿ ಎಂದು ಅಧಿಸೂಚನೆಯಲ್ಲಿತ್ತು. ಇದು ಆರಂಭದ ಮತ್ತು ಕೊನೆಯ ಹಂತ, ಇದರ ಮೇಲೆ ತುಟ್ಟಿಭತ್ಯೆ ಸೇರುತ್ತದೆ. ಇದು ದಿನಕ್ಕೆ ಕೆಲವೇ ಗಂಟೆಗಳ ಕೆಲಸಕ್ಕೆ ಕೊಡುವ ಭತ್ಯೆ. ಗ್ರಾಮೀಣ ಡಾಕ್ ಸೇವಕರು ಇಲಾಖೆಯ ಕಾಯಂ ನೌಕರರ ಸಾಲಿಗೆ ಸೇರುವುದಿಲ್ಲ, ಜೀವನಕ್ಕೆ ಬೇರೆ ಆದಾಯವೂ ಇರಬೇಕೆಂದು ನಿಯಮವೇ ಹೇಳುತ್ತದೆ. ಶಾಖಾ ಪೋಸ್ಟ್‌ಮಾಸ್ಟರ್ ಆದವರು ಆ ಊರಿನಲ್ಲೇ ವಾಸವಿದ್ದು, ಕಚೇರಿ ನಡೆಸಲು ಜಾಗವನ್ನೂ ತಾವೇ ಒದಗಿಸಬೇಕು. ಹೊಲ-ಮನೆ ನೋಡಿಕೊಂಡು ಊರಲ್ಲೇ ಇರುವವರಿಗೆ ಇದು ಹೊಂದುವ ಕೆಲಸ. ನೂರು ಕಿಲೋಮೀಟರ್ ಆಚೆಯ ವಿಭಾಗಕ್ಕೆ ಅರ್ಜಿ ಹಾಕುವವರು ಮಾತ್ರ ಇದನ್ನು ಮೊದಲೇ ತಿಳಿದಿರಬೇಕು. '29,380 ಸಂಬಳ' ಎಂದಷ್ಟೇ ಬರೆದ ಪೋಸ್ಟು ಅವರನ್ನು ದಾರಿ ತಪ್ಪಿಸುತ್ತದೆ.

ಈ ಎಲ್ಲವನ್ನೂ ಗಮನದಲ್ಲಿಟ್ಟು ಬರೆದ ಪೋಸ್ಟು ಹೀಗಿರುತ್ತದೆ:

ಕೇಂದ್ರ | ಗ್ರಾಮೀಣ ಡಾಕ್ ಸೇವಕ, ಕರ್ನಾಟಕ: 1,135
ಜನನ 3-3-2007ರಂದು ಅಥವಾ ಮೊದಲು ಆಗಿರಬೇಕು. ಗರಿಷ್ಠ 40, ಎಸ್‌ಸಿ, ಎಸ್‌ಟಿಗೆ 5, ಒಬಿಸಿಗೆ 3 ವರ್ಷ ಸಡಿಲಿಕೆ.
ಎಸ್ಸೆಸ್ಸೆಲ್ಸಿ ಪಾಸ್, ಕನ್ನಡ ಓದಿರಬೇಕು. ಪರೀಕ್ಷೆ ಇಲ್ಲ.
ಒಬಿಸಿಗೆ ಕೇಂದ್ರದ ನಮೂನೆಯ ಪತ್ರವೇ ಬೇಕು. 2ಎ, 3ಬಿ ಪತ್ರ ನಡೆಯದು.
ಶುಲ್ಕ 100 ರೂ. ಮಹಿಳೆಯರು, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ ಇಲ್ಲ.
ಕೊನೆಯ ದಿನ 3-3-2025. ತಿದ್ದುಪಡಿ ಮಾರ್ಚ್ 6ರಿಂದ 8.
ಅರ್ಜಿ: indiapostgdsonline.gov.in

ಪೋಸ್ಟು ಹೋದ ಮೇಲೂ ಕೆಲಸ ಉಳಿದಿರುತ್ತದೆ. ಕೊನೆಯ ದಿನಾಂಕ ಮುಂದಕ್ಕೆ ಹೋಗುವುದು, ತಿದ್ದುಪಡಿ ಆದೇಶ ಬರುವುದು ನೇಮಕಾತಿಗಳಲ್ಲಿ ಮಾಮೂಲು. ಚಾನೆಲ್ ನಡೆಸುವವರು ಹಳೆಯ ಪೋಸ್ಟನ್ನೇ ತಿದ್ದಬಹುದು. ಆದರೆ ತಿದ್ದಿದ್ದಕ್ಕೆ ಸದಸ್ಯರ ಮೊಬೈಲ್ ಸದ್ದು ಮಾಡುವುದಿಲ್ಲ, ಆಗಲೇ ಬೇರೆ ಗುಂಪುಗಳಿಗೆ ಫಾರ್ವರ್ಡ್ ಆದ ಪ್ರತಿಗಳು ಹಳೆಯ ದಿನಾಂಕದೊಂದಿಗೇ ಸುತ್ತುತ್ತಿರುತ್ತವೆ. ಅದಕ್ಕೆ ಹಳೆಯದನ್ನು ತಿದ್ದುವುದರ ಜೊತೆಗೆ 'ತಿದ್ದುಪಡಿ' ಎಂಬ ಹೊಸ ಪೋಸ್ಟನ್ನೂ ಹಾಕಬೇಕು. ಮೂಲ ಪೋಸ್ಟಿನಲ್ಲಿ ಬರೆದ ದಿನಾಂಕವಿದ್ದರೆ, ಫಾರ್ವರ್ಡ್ ಆಗಿ ಬಂದದ್ದನ್ನು ಓದುವವರಿಗೂ ಅದು ಎಷ್ಟು ಹಳೆಯದೆಂದು ತಿಳಿಯುತ್ತದೆ.

ಮೋಸಗಾರರು ಹೊಂಚುಹಾಕುವುದು ಆಯ್ಕೆಪಟ್ಟಿಯ ಹೊತ್ತಿಗೆ. ಡಾಕ್ ಸೇವಕರ ಪಟ್ಟಿ ಒಮ್ಮೆಗೇ ಮುಗಿಯುವುದಿಲ್ಲ. ಮೊದಲ ಪಟ್ಟಿಯವರು ಬಾರದಿದ್ದರೆ ಎರಡನೆಯದು, ಮೂರನೆಯದು ಹೊರಬರುತ್ತದೆ. 'ಮುಂದಿನ ಪಟ್ಟಿಯಲ್ಲಿ ಹೆಸರು ಸೇರಿಸುತ್ತೇವೆ' ಎಂಬ ಕರೆಗಳಿಗೆ ಜನ ಮರುಳಾಗುವುದು ಈ ನಡುವಿನ ವಾರಗಳಲ್ಲಿ. ಇಲಾಖೆ ಅಭ್ಯರ್ಥಿಗಳಿಗೆ ಫೋನ್ ಕರೆ ಮಾಡುವುದಿಲ್ಲ ಎಂದು ಅಧಿಸೂಚನೆಯೇ ಎಚ್ಚರಿಸಿದೆ. ಎಸ್ಸೆಸ್ಸೆಲ್ಸಿಯ 625ಕ್ಕೆ 540 ಬಂದವರ ಶೇಕಡಾ ಅಂಕ 86.4. ಅದನ್ನು ಯಾವ ಕರೆಯೂ ಹೆಚ್ಚಿಸಲಾರದು. ಪಟ್ಟಿ ಪ್ರಕಟವಾದ ದಿನದ ಪೋಸ್ಟಿನಲ್ಲಿ ಪಟ್ಟಿಯ ಕೊಂಡಿಯ ಕೆಳಗೇ ಈ ಎಚ್ಚರಿಕೆಯೂ ಇರಬೇಕು.