ಯಾವ ಕೊಳವೆಯಿಂದಲೂ ಬಾರದ ಓಜೋನ್

1943ರ ಜುಲೈ 26ರಂದು ಲಾಸ್ ಏಂಜಲೀಸ್ ನಗರದ ನಡುಭಾಗವನ್ನು ಕಣ್ಣುರಿಸುವ ದಟ್ಟ ಮಬ್ಬು ಕವಿಯಿತು. ಜನ ಮೊದಲು ದೂರಿದ್ದು ಅಲಿಸೊ ಬೀದಿಯಲ್ಲಿದ್ದ ಒಂದು ಕಾರ್ಖಾನೆಯನ್ನು. ಕೃತಕ ರಬ್ಬರಿಗೆ ಬೇಕಾದ ಬ್ಯೂಟಾಡೈಈನ್ ಅಲ್ಲಿ ತಯಾರಾಗುತ್ತಿತ್ತು. ಕಾರ್ಖಾನೆಯನ್ನು ಕೆಲಕಾಲ ನಿಲ್ಲಿಸಿದರೂ ಮಬ್ಬು ಮತ್ತೆ ಮತ್ತೆ ಬಂತು. 1947ರಲ್ಲಿ ಹುಟ್ಟಿದ ಕೌಂಟಿಯ ವಾಯುಮಾಲಿನ್ಯ ನಿಯಂತ್ರಣ ಜಿಲ್ಲೆ ಎಣ್ಣೆ ಸಂಸ್ಕರಣಾಗಾರಗಳ ಗಂಧಕದ ಅನಿಲಕ್ಕೆ ಕಡಿವಾಣ ಹಾಕಿತು. ಆದರೂ ಕಣ್ಣುರಿ ತಗ್ಗಲಿಲ್ಲ. ಲಂಡನ್ನಿನಂಥ ಊರಿನ ಕಲ್ಲಿದ್ದಲ ಹೊಗೆಯನ್ನು ಕಂಡವರಿಗೆ ಹೊಗೆಯಿದ್ದರೆ ಅದನ್ನು ಉಗುಳುವ ಚಿಮಣಿಯೂ ಇರಲೇಬೇಕು ಎಂಬ ನಂಬಿಕೆ ಸಹಜವೇ. ಲಾಸ್ ಏಂಜಲೀಸಿನಲ್ಲಿ ಆ ನಂಬಿಕೆ ನಡೆಯಲಿಲ್ಲ. ಅಲ್ಲಿ ಕಾಡುತ್ತಿದ್ದ ಓಜೋನ್ ಅನಿಲವನ್ನು ಯಾರೂ ಹೊರಬಿಡುತ್ತಿರಲಿಲ್ಲ, ಅದು ಬಿಸಿಲಿನಲ್ಲಿ ಊರಿನ ಗಾಳಿಯಲ್ಲೇ ತಯಾರಾಗುತ್ತಿತ್ತು. ಹಾಗೆ ತಯಾರಾಗುವ ವಸ್ತುವಿಗೆ ಕೂಡಿಸಿ ಕಳೆಯುವ ಲೆಕ್ಕ ಒಗ್ಗುವುದಿಲ್ಲ. ಕಚ್ಚಾವಸ್ತುವನ್ನು ಅರ್ಧಕ್ಕಿಳಿಸಿದರೆ ಮಾಲಿನ್ಯವೂ ಅರ್ಧವಾಗುತ್ತದೆ ಎಂದು ಹೇಳಲು ಬರುವುದಿಲ್ಲ.

ಇದನ್ನು ತೋರಿಸಿಕೊಟ್ಟವರು ಕ್ಯಾಲ್ಟೆಕ್ ಸಂಸ್ಥೆಯ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್. ಅನಾನಸಿನ ಪರಿಮಳದಲ್ಲಿ ಏನೇನಿದೆ ಎಂದು ಬಿಡಿಸಿ ನೋಡುತ್ತಿದ್ದವರು ಅವರು. ಸುತ್ತಲ ಹೊಲಗಳಲ್ಲಿ ಪಾಲಕ್‌ನಂಥ ಸೊಪ್ಪಿನ ಎಲೆಗಳ ಮೇಲೆ ಆಗ ಒಂದು ವಿಚಿತ್ರ ಕಲೆ ಕಾಣಿಸುತ್ತಿತ್ತು, ಗಂಧಕದ ಅನಿಲ ಮಾಡುವ ಕಲೆ ಅದಲ್ಲ. ಪೆಟ್ರೋಲಿನ ಆವಿಯನ್ನೂ ನೈಟ್ರೋಜನ್ ಡೈಆಕ್ಸೈಡನ್ನೂ ಬೆರೆಸಿ, ಬೆಳಕಿಗೊಡ್ಡಿ, ಆ ಗಾಳಿಯಲ್ಲಿ ಗಿಡಗಳನ್ನಿಟ್ಟಾಗ ಅದೇ ಕಲೆ ಮೂಡಿತು. ಇನ್ನೊಂದು ಸಾಕ್ಷ್ಯ ಸಿಕ್ಕಿದ್ದು ರಬ್ಬರಿನಿಂದ. ಬಗ್ಗಿಸಿ ಬಿಗಿದ ರಬ್ಬರ್ ಪಟ್ಟಿಯಲ್ಲಿ ಓಜೋನ್ ಬಿರುಕು ತರುತ್ತದೆ. ಮೊದಲ ಬಿರುಕಿಗೆ ಹಿಡಿಯುವ ಹೊತ್ತನ್ನು ನೋಡಿದರೆ ಗಾಳಿಯಲ್ಲಿ ಓಜೋನ್ ಎಷ್ಟಿದೆ ಎಂದು ಅಂದಾಜು ಮಾಡಬಹುದು. ಎಣ್ಣೆ ಕಂಪನಿಗಳ ಹಣದಿಂದ ಸಂಶೋಧನೆ ನಡೆಸುತ್ತಿದ್ದವರು ಈ ವಿವರಣೆಯನ್ನು ಒಪ್ಪಲಿಲ್ಲ. ಹಾಗೆನ್-ಸ್ಮಿಟ್ ಹಟಕ್ಕೆ ಬಿದ್ದು ಪ್ರಯೋಗಗಳನ್ನು ಮುಂದುವರಿಸಿದರು. ಒಂದು ವಿಧದಲ್ಲಿ ಆ ವಿರೋಧದಿಂದ ಒಳ್ಳೆಯದೇ ಆಯಿತು ಎನ್ನಬೇಕು.

ಆದರೂ ಅವರ ಪ್ರಯೋಗ ಒಂದು ನಿಜವಾದ ಆಕ್ಷೇಪಕ್ಕೆ ಎಡೆಮಾಡಿಕೊಟ್ಟಿತ್ತು. ಬಿಸಿಲು ನೈಟ್ರೋಜನ್ ಡೈಆಕ್ಸೈಡನ್ನು ಒಡೆಯುತ್ತದೆ ಎಂಬುದು ಗೊತ್ತಿದ್ದ ಸಂಗತಿ. ನಡುಹಗಲಿನಲ್ಲಿ ಅದರ ಒಂದು ಅಣು ಉಳಿಯುವುದು ಸರಾಸರಿ ಎರಡು ನಿಮಿಷ ಮಾತ್ರ. ಒಡೆದು ಹೊರಬಂದ ಆಕ್ಸಿಜನ್ ಪರಮಾಣು ಗಾಳಿಯ ಆಕ್ಸಿಜನ್ ಅಣುವನ್ನು ಸೇರಿ ಓಜೋನ್ ಆಗುತ್ತದೆ, ಉಳಿಯುವುದು ನೈಟ್ರಿಕ್ ಆಕ್ಸೈಡ್. ಓಜೋನ್ ಹುಟ್ಟಲು ಇಷ್ಟೇ ಸಾಕಲ್ಲ, ಪೆಟ್ರೋಲಿನ ಆವಿ ಯಾಕೆ ಬೇಕು? ತೊಂದರೆ ಇರುವುದು ಆ ಉಳಿದ ನೈಟ್ರಿಕ್ ಆಕ್ಸೈಡಿನಲ್ಲಿ. ಅದು ಓಜೋನ್ ಕಂಡರೆ ಬಿಡುವುದಿಲ್ಲ, ಅದರಿಂದ ಒಂದು ಆಕ್ಸಿಜನ್ ಕಿತ್ತುಕೊಂಡು ಮತ್ತೆ ಡೈಆಕ್ಸೈಡ್ ಆಗುತ್ತದೆ. ಚಕ್ರ ಒಂದು ಸುತ್ತು ಮುಗಿಸಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹುಟ್ಟುವ ವೇಗ ಮತ್ತು ಅಳಿಯುವ ವೇಗ ಸರಿತೂಗಿದಾಗ ಎಷ್ಟು ಓಜೋನ್ ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ನಡುಹಗಲಿನ ಬಿಸಿಲಿನಲ್ಲಿ ಡೈಆಕ್ಸೈಡೂ ನೈಟ್ರಿಕ್ ಆಕ್ಸೈಡೂ ಸಮಸಮ ಇದ್ದರೆ ಓಜೋನ್ ಸುಮಾರು 20 ಪಿಪಿಬಿ, ಅಂದರೆ ಗಾಳಿಯ ನೂರು ಕೋಟಿ ಭಾಗದಲ್ಲಿ 20 ಭಾಗ. ಹಳ್ಳಿಯ ಶುದ್ಧ ಗಾಳಿಯಲ್ಲೂ ಇಷ್ಟಿರುತ್ತದೆ. 200 ಪಿಪಿಬಿ ಆಗಬೇಕಾದರೆ ಡೈಆಕ್ಸೈಡ್ ನೈಟ್ರಿಕ್ ಆಕ್ಸೈಡಿನ ಹತ್ತು ಪಟ್ಟು ಇರಬೇಕು. ಆದರೆ ಎಂಜಿನ್ನಿನಿಂದ ಹೊರಬರುವುದು ಹೆಚ್ಚಾಗಿ ನೈಟ್ರಿಕ್ ಆಕ್ಸೈಡೇ. ಓಜೋನನ್ನು ಖರ್ಚು ಮಾಡದೆ ಅದನ್ನು ಡೈಆಕ್ಸೈಡ್ ಮಾಡುವ ಬೇರೊಂದು ದಾರಿ ಇಲ್ಲದಿದ್ದರೆ ಲಾಸ್ ಏಂಜಲೀಸಿನ ಮಬ್ಬು ಅಸಾಧ್ಯವಾಗುತ್ತಿತ್ತು.

ಆ ದಾರಿಯನ್ನು ತೆರೆಯುವುದು ಸುಲಭವಾಗಿ ಆವಿಯಾಗುವ ಸಾವಯವ ವಸ್ತುಗಳು. ಪೆಟ್ರೋಲು, ಪೇಂಟಿನ ಥಿನ್ನರ್, ಸರಿಯಾಗಿ ಉರಿಯದ ಇಂಧನ ಎಲ್ಲವೂ ಈ ಗುಂಪಿನವೇ. ಹಗಲಿನ ಗಾಳಿಯಲ್ಲಿ ಹೈಡ್ರಾಕ್ಸಿಲ್ ಎಂಬ ಅತಿ ಚುರುಕಿನ ಕಣವೊಂದು ಬಿಸಿಲಿನಿಂದ ಹುಟ್ಟುತ್ತಿರುತ್ತದೆ, ಅದರ ಆಯಸ್ಸು ಒಂದು ಸೆಕೆಂಡಿನಷ್ಟು. ಅದು ಆವಿಯ ಅಣುವಿನಿಂದ ಒಂದು ಹೈಡ್ರೋಜನ್ ಕಸಿಯುತ್ತದೆ. ಗಾಯಗೊಂಡ ಆ ಅಣು ಗಾಳಿಯ ಆಕ್ಸಿಜನ್ ಹಿಡಿದು ಪೆರಾಕ್ಸಿ ಕಣವಾಗುತ್ತದೆ. ಪೆರಾಕ್ಸಿ ಕಣ ತನ್ನ ಆಕ್ಸಿಜನ್ನನ್ನು ನೈಟ್ರಿಕ್ ಆಕ್ಸೈಡಿಗೆ ಕೊಟ್ಟು ಅದನ್ನು ಡೈಆಕ್ಸೈಡ್ ಮಾಡುತ್ತದೆ, ಓಜೋನ್ ಮುಟ್ಟದೆ. ಕೊನೆಗೆ ಹೈಡ್ರಾಕ್ಸಿಲ್ ಮತ್ತೆ ಹುಟ್ಟಿ ಇನ್ನೊಂದು ಅಣುವಿನ ಬೆನ್ನು ಹತ್ತುತ್ತದೆ. ಕಣ್ಣುರಿಗೆ ಮುಖ್ಯ ಕಾರಣವಾದ ಫಾರ್ಮಾಲ್ಡಿಹೈಡ್, ಪೆರಾಕ್ಸಿಅಸಿಟೈಲ್ ನೈಟ್ರೇಟ್ ಮುಂತಾದವು ಇದೇ ಸರಣಿಯ ಉಪ ಉತ್ಪನ್ನಗಳು. ಗಡಿಯಾರವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ವಾಹನಗಳು ದಟ್ಟವಾಗುವ ಬೆಳಗಿನ ಏಳರ ಸುಮಾರಿಗೆ ನೈಟ್ರಿಕ್ ಆಕ್ಸೈಡ್ ಏರುತ್ತದೆ, ಒಂದೆರಡು ಗಂಟೆ ಬಿಟ್ಟು ಡೈಆಕ್ಸೈಡ್, ಮಧ್ಯಾಹ್ನ ಓಜೋನ್. ಓಜೋನ್ ನೇರವಾಗಿ ವಾಹನದಿಂದ ಬರುವಂತಿದ್ದರೆ ಬೆಳಗಿನ ದಟ್ಟಣೆಯಲ್ಲೇ ಏರಬೇಕಿತ್ತು. ಲಾಸ್ ಏಂಜಲೀಸಿನ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ಸುತ್ತ ಬೆಟ್ಟ, ಮೇಲೆ ಬೆಚ್ಚಗಿನ ಗಾಳಿಯ ಪದರ, ಕೆಳಗೆ ಸಮುದ್ರದ ತಂಪುಗಾಳಿ. ಹೊಗೆ ಮೇಲೇಳಲಾರದೆ ಇಡೀ ದಿನ ಬಿಸಿಲಿನಲ್ಲಿ ಬೇಯುತ್ತದೆ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಭಾನುವಾರ ಡೀಸೆಲ್ ಲಾರಿಗಳು ಕಡಿಮೆ, ನೈಟ್ರೋಜನ್ ಆಕ್ಸೈಡುಗಳೂ ಕಡಿಮೆ. ಹಾಗಿದ್ದೂ 1990ರ ದಶಕದ ಲಾಸ್ ಏಂಜಲೀಸಿನಲ್ಲಿ ಭಾನುವಾರದ ಓಜೋನ್ ವಾರದ ದಿನಗಳಿಗಿಂತ ಹೆಚ್ಚಿರುತ್ತಿತ್ತು. ಹಾಗಾದರೆ ಲಾರಿಗಳನ್ನು ಸುಮ್ಮನೆ ಬಿಡುವುದೇ ಲೇಸಲ್ಲವೇ ಎಂದು ಕೇಳಿದವರಿದ್ದರು. ವಿದ್ಯಮಾನ ನಿಜ, ಅದರಿಂದ ಹೊರಡಿಸಿದ ತೀರ್ಮಾನ ಅರ್ಧ ಮಾತ್ರ ನಿಜ. ನೈಟ್ರೋಜನ್ ಆಕ್ಸೈಡುಗಳು ವಿಪರೀತವಾಗಿದ್ದಾಗ ನೈಟ್ರಿಕ್ ಆಕ್ಸೈಡ್ ಓಜೋನನ್ನು ನುಂಗುತ್ತದೆ, ಡೈಆಕ್ಸೈಡ್ ಹೈಡ್ರಾಕ್ಸಿಲನ್ನು ಹಿಡಿದು ನೈಟ್ರಿಕ್ ಆಮ್ಲವಾಗಿ ಸರಣಿಯನ್ನೇ ಮುರಿಯುತ್ತದೆ. ಅಂಥ ಗಾಳಿಯಲ್ಲಿ ಅವನ್ನು ಸ್ವಲ್ಪವಷ್ಟೇ ಇಳಿಸಿದರೆ ಓಜೋನ್ ಏರುತ್ತದೆ. ಇನ್ನೂ ಇಳಿಸುತ್ತಾ ಹೋದರೆ ಒಂದು ಶಿಖರ ದಾಟಿ ಓಜೋನ್ ಇಳಿಯತೊಡಗುತ್ತದೆ, ಆಗ ಕಚ್ಚಾವಸ್ತುವೇ ಸಾಲದು. ಲಾರಿಗಳನ್ನು ಬಿಟ್ಟುಬಿಟ್ಟರೆ ಆ ಆಮ್ಲದಿಂದಾಗುವ ನೈಟ್ರೇಟ್ ಧೂಳೂ ಉಳಿಯುತ್ತದೆ, ಡೈಆಕ್ಸೈಡಿನಿಂದ ಶ್ವಾಸಕೋಶಕ್ಕಾಗುವ ಹಾನಿಯೂ ಉಳಿಯುತ್ತದೆ. ಗಾಳಿ ಬೀಸಿದ ದಿಕ್ಕಿನ ಊರುಗಳಲ್ಲಿ ಓಜೋನ್ ತಡವಾಗಿಯಾದರೂ ಹುಟ್ಟಿಯೇ ತೀರುತ್ತದೆ. ಆವಿಯನ್ನಷ್ಟೇ ತಡೆದರೆ ಸಾಕೆನ್ನುವುದೂ ಎಲ್ಲ ಕಡೆ ಸಲ್ಲುವುದಿಲ್ಲ. ಅಟ್ಲಾಂಟಾದಂಥ ಕಾಡು ಹಬ್ಬಿದ ಊರಿನಲ್ಲಿ ಮರಗಳೇ ಐಸೊಪ್ರೀನ್ ಎಂಬ ಆವಿಯನ್ನು ಧಾರಾಳವಾಗಿ ಬಿಡುತ್ತವೆ ಎಂಬುದರತ್ತ ವಿಜ್ಞಾನಿ ಶಮೈಡ್ಸ್ ಮತ್ತು ಸಂಗಡಿಗರು 1988ರಲ್ಲಿ ಗಮನ ಸೆಳೆದರು. ಮರಗಳನ್ನು ಕಡಿಯಲಾಗದು, ಅಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನೇ ಇಳಿಸಬೇಕು. ಕ್ಯಾಲಿಫೋರ್ನಿಯಾ ಎರಡನ್ನೂ ದಶಕಗಳ ಕಾಲ ಒಟ್ಟಿಗೆ ಇಳಿಸಿತು. 1950ರ ದಶಕದಲ್ಲಿ 600 ಪಿಪಿಬಿ ಮುಟ್ಟಿದ್ದ ಅಲ್ಲಿನ ಓಜೋನ್ ಈಗ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಹಾಗೆಂದು ಸುರಕ್ಷಿತ ಮಿತಿಯೊಳಗೆ ಪೂರ್ತಿ ಬಂದೂ ಇಲ್ಲ.

ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಓಜೋನಿನ ಮಿತಿ ಎಂಟು ಗಂಟೆಯ ಸರಾಸರಿಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ, ಒಂದು ಗಂಟೆಗೆ 180. ಬೆಂಗಳೂರಿನಲ್ಲಾಗಲಿ ಇನ್ನೆಲ್ಲಾಗಲಿ ಗಿಜಿಗುಟ್ಟುವ ವೃತ್ತದ ಬಳಿ ಇಟ್ಟ ಮಾಪಕ ಬೆಳಿಗ್ಗೆ ಕಡಿಮೆ ಓಜೋನ್ ತೋರಿಸಿದರೆ ಓದುಗರು ನಿಶ್ಚಿಂತರಾಗಬಾರದು. ಅಲ್ಲಿ ಓಜೋನನ್ನು ತಿಂದುಹಾಕುತ್ತಿರುವುದು ವಾಹನಗಳ ನೈಟ್ರಿಕ್ ಆಕ್ಸೈಡ್. ನೋಡಬೇಕಾದ್ದು ಬಿಸಿಲಿನ ದಿನದ ಮಧ್ಯಾಹ್ನದ ಅಂಕಿ, ಅದೂ ಊರಿನಿಂದ ಗಾಳಿ ಬೀಸುವ ಕಡೆಯ ಹೊರವಲಯದ್ದು.